ಒಂದೇ ಥರದ ಬಾಲ್, ಎರಡು ಥರದ ತೀರ್ಪು: ಅಂಪೈರ್ಸ್ ಕಾಲ್ ಅಂದರೆ ಏನು?

2023ರ ಅಕ್ಟೋಬರ್ 27. ಚೆನ್ನೈನಲ್ಲಿ ವಿಶ್ವಕಪ್ ಪಂದ್ಯ, ಪಾಕಿಸ್ತಾನ ಮತ್ತು ದಕ್ಷಿಣ ಆಫ್ರಿಕಾ ಎದುರುಬದುರು. ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು 271 ರನ್. ಗುರಿ ಹತ್ತಿರ ಬಂದಿತ್ತು, ಆದರೆ ಒಂಬತ್ತು ವಿಕೆಟ್ ಬಿದ್ದುಹೋಗಿತ್ತು. ಕ್ರೀಸಿನಲ್ಲಿ ಕೊನೆಯ ಆಟಗಾರ ತಬ್ರೇಜ್ ಶಮ್ಸಿ. ಹ್ಯಾರಿಸ್ ರವೂಫ್ ಹಾಕಿದ ಬಾಲ್ ಶಮ್ಸಿಯ ಪ್ಯಾಡಿಗೆ ಬಡಿಯಿತು. ಪಾಕಿಸ್ತಾನದ ಹನ್ನೊಂದೂ ಜನ ಕೂಗಿದರು. ಅಂಪೈರ್ ತಲೆ ಅಲ್ಲಾಡಿಸಿ ನಾಟ್ ಔಟ್ ಅಂದರು. ಪಾಕಿಸ್ತಾನದ ನಾಯಕ ಬಾಬರ್ ಆಜಂ ರಿವ್ಯೂ ತೆಗೆದುಕೊಂಡರು. ದೊಡ್ಡ ಪರದೆಯ ಮೇಲೆ ಬಾಲ್ ಹೋಗಿ ಲೆಗ್ ಸ್ಟಂಪಿನ ಅಂಚಿಗೆ ತಗುಲುವುದು ಎಲ್ಲರಿಗೂ ಕಾಣಿಸಿತು. ಆದರೂ ಪರದೆಯ ಮೇಲೆ ಅಂಪೈರ್ಸ್ ಕಾಲ್ ಅಂತ ಬಂತು, ನಾಟ್ ಔಟ್. ದಕ್ಷಿಣ ಆಫ್ರಿಕಾ ಒಂದು ವಿಕೆಟ್‌ನಿಂದ ಗೆದ್ದಿತು.

ಅದೇ ಇನಿಂಗ್ಸ್‌ನಲ್ಲಿ ಇದಕ್ಕೆ ಮೊದಲು ಇನ್ನೊಂದು ಎಲ್‌ಬಿಡಬ್ಲ್ಯು ಆಗಿತ್ತು. ಉಸಾಮಾ ಮಿರ್ ಬೌಲಿಂಗ್‌ನಲ್ಲಿ ವಾನ್ ಡರ್ ಡಸೆನ್ ಪ್ಯಾಡಿಗೆ ಬಾಲ್ ಬಡಿದಾಗ ಅಂಪೈರ್ ಬೆರಳೆತ್ತಿದರು. ಬ್ಯಾಟರ್ ರಿವ್ಯೂ ಕೇಳಿದರು. ಅಲ್ಲೂ ಕೊನೆಗೆ ಪರದೆಯ ಮೇಲೆ ಬಂದದ್ದು ಅದೇ ಎರಡು ಪದ, ಅಂಪೈರ್ಸ್ ಕಾಲ್. ಆದರೆ ಅಲ್ಲಿ ಔಟ್!

ಹೊಸದಾಗಿ ಕ್ರಿಕೆಟ್ ನೋಡಲು ಶುರು ಮಾಡಿದವರಿಗೆ ಇದು ಶುದ್ಧ ಮೋಸ ಅನ್ನಿಸುತ್ತದೆ. ಕಂಪ್ಯೂಟರ್ ಎರಡೂ ಸಲ ಬಾಲ್ ಸ್ಟಂಪಿಗೆ ತಾಗುತ್ತದೆ ಅಂದಿದೆ, ಒಬ್ಬ ಔಟ್, ಇನ್ನೊಬ್ಬ ನಾಟ್ ಔಟ್. ಇದು ಯಾವ ನ್ಯಾಯ? ಇವತ್ತು ಈ ಒಂದು ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗೋಣ. ಕ್ಯಾಚ್ ರಿವ್ಯೂ, ರನೌಟ್, ಸ್ಟಂಪಿಂಗ್ ಎಲ್ಲ ನೋಡಿದರೆ ಅರ್ಥವಾಗುತ್ತದೆ. ತಲೆ ಕೆಡಿಸುವುದು ಎಲ್‌ಬಿಡಬ್ಲ್ಯು ಒಂದೇ.

ಮೊದಲಿಗೆ ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳಬೇಕು. ರಿವ್ಯೂ ಕೇಳಿದ ತಕ್ಷಣ ಅಂಪೈರ್ ಹೇಳಿದ್ದನ್ನೆಲ್ಲ ಅಳಿಸಿಹಾಕಿ, ಕಂಪ್ಯೂಟರ್ ಹೊಸದಾಗಿ ತೀರ್ಪು ಕೊಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಟಿವಿ ನೋಡಿ ಪರಿಶೀಲಿಸುವ ಮೂರನೇ ಅಂಪೈರ್ ಮುಂದೆ ಇರುವುದು 'ಬ್ಯಾಟರ್ ಔಟಾ?' ಅನ್ನುವ ಪ್ರಶ್ನೆಯಲ್ಲ. 'ಮೈದಾನದ ಅಂಪೈರ್ ಕೊಟ್ಟ ತೀರ್ಪು ತಪ್ಪು ಅಂತ ಖಚಿತವಾಗಿ ಹೇಳಬಹುದಾ?' ಅನ್ನುವ ಪ್ರಶ್ನೆ. ಕೆಳಗಿನ ಕೋರ್ಟಿನ ತೀರ್ಪಿನ ಮೇಲೆ ಅಪೀಲು ಹೋದ ಹಾಗೆ ಇದು. ಕೆಳಗಿನ ತೀರ್ಪು ತಪ್ಪು ಅಂತ ತೋರಿಸುವ ಹೊರೆ ಅಪೀಲು ಹಾಕಿದವನದು. ತೋರಿಸಲು ಆಗದಿದ್ದರೆ ಹಳೆಯದೇ ನಿಲ್ಲುತ್ತದೆ.

ಇದನ್ನು ಮನಸ್ಸಲ್ಲಿ ಇಟ್ಟುಕೊಂಡು, ರಿವ್ಯೂ ಶುರುವಾದಾಗ ಏನೇನು ನಡೆಯುತ್ತದೆ ನೋಡೋಣ.

ತೀರ್ಪು ಬಂದ ಮೇಲೆ ಹದಿನೈದು ಸೆಕೆಂಡಿನ ಒಳಗೆ ರಿವ್ಯೂ ಕೇಳಬೇಕು. ಎರಡು ಕೈ ಸೇರಿಸಿ ಇಂಗ್ಲಿಷಿನ ಟಿ ಅಕ್ಷರ ಮಾಡಿ ತೋರಿಸುವುದನ್ನು ನೀವು ನೋಡಿರುತ್ತೀರಿ. ಔಟ್ ಕೊಟ್ಟಿದ್ದರೆ ಆ ಬ್ಯಾಟರ್ ಕೇಳಬೇಕು, ನಾಟ್ ಔಟ್ ಆಗಿದ್ದರೆ ಫೀಲ್ಡಿಂಗ್ ತಂಡದ ನಾಯಕ ಕೇಳಬೇಕು. ಮೈದಾನದಲ್ಲಿ ಇರುವವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬಹುದು, ಹೊರಗಿನವರ ಸಹಾಯ ಪಡೆಯುವ ಹಾಗಿಲ್ಲ. 2017ರ ಬೆಂಗಳೂರು ಟೆಸ್ಟ್‌ನಲ್ಲಿ ಸ್ಟೀವ್ ಸ್ಮಿತ್ ಎಲ್‌ಬಿಡಬ್ಲ್ಯು ಆಗಿ, ರಿವ್ಯೂ ತೆಗೆದುಕೊಳ್ಳಲಾ ಬೇಡವಾ ಅಂತ ಡ್ರೆಸ್ಸಿಂಗ್ ರೂಮಿನ ಕಡೆ ನೋಡಿದ್ದು ದೊಡ್ಡ ರಂಪವಾಯಿತು. ಅಂಪೈರ್ ಬಂದು ತಡೆದರು, ಕೊಹ್ಲಿಗೆ ಕೋಪ ನೆತ್ತಿಗೇರಿತು, ಸ್ಮಿತ್ ಆಮೇಲೆ ಆ ಹೊತ್ತಿಗೆ ತಲೆ ಓಡಲಿಲ್ಲ ಅನ್ನುವ ಅರ್ಥದ ಸಮಜಾಯಿಷಿ ಕೊಟ್ಟರು. ಇರಲಿ, ವಿಷಯಕ್ಕೆ ಬರುತ್ತೇನೆ.

ಮೂರನೇ ಅಂಪೈರ್ ಮೊದಲು ನೋಡುವುದು ಬೌಲರ್ ಕಾಲನ್ನು. ನೋಬಾಲ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಆಮೇಲೆ ಬಾಲ್ ಪ್ಯಾಡಿಗೆ ಮೊದಲು ಬ್ಯಾಟಿಗೆ ತಾಗಿತ್ತಾ ಅಂತ ನೋಡುತ್ತಾರೆ. ಅದಕ್ಕೆ ಅಲ್ಟ್ರಾಎಡ್ಜ್ ಇದೆ. ಸ್ಟಂಪಿನ ಮೈಕ್ ಹಿಡಿದ ಸದ್ದನ್ನು ನಿಧಾನಗತಿಯ ಚಿತ್ರದ ಜೊತೆ ಹೊಂದಿಸಿ ತೋರಿಸುತ್ತಾರೆ. ಬಾಲ್ ಬ್ಯಾಟಿನ ಪಕ್ಕ ಹಾದುಹೋಗುವ ಕ್ಷಣಕ್ಕೇ ಸರಿಯಾಗಿ ಗೆರೆ ಜಿಗಿದರೆ ಬ್ಯಾಟಿಗೆ ತಾಗಿದೆ ಅಂತ. ಬ್ಯಾಟಿಗೆ ಮೊದಲು ತಾಗಿದ್ದರೆ ಎಲ್‌ಬಿಡಬ್ಲ್ಯು ಇಲ್ಲ. ಇವೆರಡೂ ದಾಟಿದ ಮೇಲೆ ಬಾಲ್ ಟ್ರ್ಯಾಕಿಂಗ್ ಕೇಳುತ್ತಾರೆ. ನಮಗೆ ಬೇಕಾದ್ದು ಇರುವುದು ಅಲ್ಲಿ.

ಪರದೆಯ ಪಕ್ಕದಲ್ಲಿ ಮೂರು ಸಾಲು ಒಂದೊಂದಾಗಿ ಬರುತ್ತವೆ: ಪಿಚಿಂಗ್, ಇಂಪ್ಯಾಕ್ಟ್, ವಿಕೆಟ್ಸ್. ಎಲ್‌ಬಿಡಬ್ಲ್ಯು ನಿಯಮ ಕೇಳುವ ಮೂರು ಪ್ರಶ್ನೆಗಳೇ ಇವು. ಬಾಲ್ ನೆಲಕ್ಕೆ ಬಿದ್ದದ್ದು ಎಲ್ಲಿ? ಲೆಗ್ ಸ್ಟಂಪಿನ ಹೊರಗೆ ಬಿದ್ದಿದ್ದರೆ ಔಟೇ ಇಲ್ಲ, ಆಮೇಲೆ ಅದು ಮಧ್ಯದ ಸ್ಟಂಪಿಗೇ ಹೋಗುತ್ತಿದ್ದರೂ ಇಲ್ಲ. ಎರಡನೆಯದು, ಬ್ಯಾಟರ್‌ಗೆ ಬಡಿದಾಗ ಬಾಲ್ ಸ್ಟಂಪಿನ ನೇರದಲ್ಲಿ ಇತ್ತಾ? ಆಫ್ ಸ್ಟಂಪಿನ ಹೊರಗೆ ಬಡಿದಿದ್ದರೆ ಔಟಲ್ಲ. ಆದರೆ ಬ್ಯಾಟರ್ ಆಡುವ ಪ್ರಯತ್ನವನ್ನೇ ಮಾಡದೆ ಪ್ಯಾಡು ಒಡ್ಡಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಮೂರನೆಯದು, ಕಾಲು ಅಡ್ಡ ಬಾರದಿದ್ದರೆ ಬಾಲ್ ಸ್ಟಂಪಿಗೆ ಬಡಿಯುತ್ತಿತ್ತಾ?

ಈಗ ಈ ಮೂರು ಪ್ರಶ್ನೆಗಳ ಸ್ವಭಾವ ಬೇರೆಬೇರೆ ಅನ್ನುವುದನ್ನು ಗಮನಿಸಿ. ಬಾಲ್ ನೆಲಕ್ಕೆ ಬಿದ್ದದ್ದು ನಿಜವಾಗಿ ನಡೆದ ಘಟನೆ, ಕ್ಯಾಮೆರಾಗಳು ಅದನ್ನು ಕಂಡಿವೆ. ಹಾಗಾಗಿ ಮೊದಲ ಸಾಲಿನಲ್ಲಿ ಅಂಪೈರ್ಸ್ ಕಾಲ್ ಬರುವುದೇ ಇಲ್ಲ. ಲೈನ್ ಒಳಗೆ ಇಲ್ಲ ಹೊರಗೆ, ಅಷ್ಟೆ. ಪ್ಯಾಡಿಗೆ ಬಡಿದದ್ದೂ ನಡೆದ ಘಟನೆಯೇ, ಆದರೆ ಬಡಿದ ಆ ಒಂದು ಕ್ಷಣವನ್ನು ಹಿಡಿಯುವುದು ಕಷ್ಟ. ಸೆಕೆಂಡಿಗೆ ಮುನ್ನೂರು ಚಿತ್ರ ತೆಗೆಯುವ ಕ್ಯಾಮೆರಾ ಅಂತ ಇಟ್ಟುಕೊಳ್ಳಿ. ಪುಟಿದ ಮೇಲೆ ಬಾಲ್ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಇದ್ದರೆ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಅದು ಸುಮಾರು 11 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಪ್ಯಾಡಿಗೆ ತಾಗಿದ ಕ್ಷಣ ಆ ಎರಡರ ನಡುವೆ ಎಲ್ಲೋ ಇದೆ. ಹಾಗಾಗಿ ಎರಡನೇ ಸಾಲಿನಲ್ಲಿ ಅಂಪೈರ್ಸ್ ಕಾಲ್‌ಗೆ ಜಾಗ ಇದೆ.

ಮೂರನೆಯದು ಮಾತ್ರ ನಡೆಯದೇ ಇರುವ ಘಟನೆ. ಬಾಲ್ ಸ್ಟಂಪಿಗೆ ಹೋಗಲೇ ಇಲ್ಲ, ಪ್ಯಾಡಿನಲ್ಲೇ ನಿಂತಿತು. ಅಲ್ಲಿಂದ ಮುಂದೆ ಪರದೆಯ ಮೇಲೆ ಓಡುವ ಬಾಲನ್ನು ಯಾವ ಕ್ಯಾಮೆರಾವೂ ಕಂಡಿಲ್ಲ. ಅದು ಲೆಕ್ಕ ಹಾಕಿ ಬರೆದ ದಾರಿ. ಟಿವಿಯಲ್ಲಿ ಅದು ಎಷ್ಟು ನಯವಾಗಿ, ಎಷ್ಟು ಖಚಿತವಾಗಿ ಬರುತ್ತದೆ ಅಂದರೆ ನಾವು ರೀಪ್ಲೇ ನೋಡುತ್ತಿದ್ದೇವೆ ಅಂತಲೇ ಅನ್ನಿಸುತ್ತದೆ. ನನ್ನ ಕೇಳಿದರೆ ಗೊಂದಲದ ಅರ್ಧ ಪಾಲು ಹುಟ್ಟುವುದು ಈ ಚಿತ್ರದ ಚಂದದಿಂದಲೇ. ಊಹೆಯ ಭಾಗವನ್ನು ಸ್ವಲ್ಪ ಮಸುಕಾಗಿ, ಒಂದು ಪಟ್ಟಿಯ ಹಾಗೆ ಅಗಲವಾಗಿ ತೋರಿಸಿದ್ದರೆ ಜನ ಇಷ್ಟು ಜಗಳ ಆಡುತ್ತಿರಲಿಲ್ಲ.

ಆ ಊಹೆ ಎಷ್ಟು ನಂಬಿಕೆಗೆ ಅರ್ಹ ಅನ್ನುವುದು ಎರಡು ದೂರಗಳ ಮೇಲೆ ನಿಂತಿದೆ. ಬಾಲ್ ಪುಟಿದ ಜಾಗದಿಂದ ಪ್ಯಾಡಿನವರೆಗೆ ಎಷ್ಟು ದೂರ, ಪ್ಯಾಡಿನಿಂದ ಸ್ಟಂಪಿನವರೆಗೆ ಎಷ್ಟು ದೂರ. ಪುಟಿದ ಮೇಲೆ ಬಾಲ್ ಎಷ್ಟು ತಿರುಗಿತು, ಎಷ್ಟು ಎದ್ದಿತು ಅಂತ ತಿಳಿಯಲು ಕ್ಯಾಮೆರಾಗೆ ಒಂದಿಷ್ಟು ದಾರಿ ಕಾಣಬೇಕು. ಪುಟಿದ ಕೂಡಲೇ ಪ್ಯಾಡಿಗೆ ಬಡಿದರೆ ಕಂಡ ದಾರಿ ಬಹಳ ಚಿಕ್ಕದು. ಇನ್ನು ಬ್ಯಾಟರ್ ಮುಂದೆ ಹೆಜ್ಜೆ ಹಾಕಿ ಬಂದಿದ್ದರೆ ಕಾಣದ ದಾರಿ ಉದ್ದವಾಗುತ್ತದೆ. ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದದ್ದು ಸ್ಟಂಪಿಗೆ ಬರುವಷ್ಟರಲ್ಲಿ ದೊಡ್ಡದಾಗಿಬಿಡುತ್ತದೆ.

2011ರ ವಿಶ್ವಕಪ್‌ನಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಬೆಂಗಳೂರಿನಲ್ಲಿ ಪಂದ್ಯ ನಡೆಯಿತು. ಎರಡೂ ತಂಡ 338 ಹೊಡೆದು ಟೈ ಆದ ಪಂದ್ಯ, ಹಿರಿಯರಿಗೆ ನೆನಪಿರಬಹುದು. ಯುವರಾಜ್ ಬೌಲಿಂಗ್‌ನಲ್ಲಿ ಇಯಾನ್ ಬೆಲ್ ಪ್ಯಾಡಿಗೆ ಬಾಲ್ ಬಡಿಯಿತು. ಅಂಪೈರ್ ಬಿಲ್ಲಿ ಬೌಡನ್ ನಾಟ್ ಔಟ್ ಅಂದರು. ಧೋನಿ ರಿವ್ಯೂ ಕೇಳಿದರು. ಪರದೆಯಲ್ಲಿ ನೋಡಿದರೆ ಬಾಲ್ ನೇರ ಸ್ಟಂಪಿಗೆ! ಜನ ಕುಣಿದರು, ಬೆಲ್ ಪೆವಿಲಿಯನ್ ಕಡೆ ನಡೆಯಲು ಶುರು ಮಾಡಿದ್ದರು. ಆದರೆ ಬೌಡನ್ ತಮ್ಮ ತೀರ್ಪು ಬದಲಿಸಲಿಲ್ಲ. ಕಾರಣ, ಬಾಲ್ ಬಡಿದಾಗ ಬೆಲ್ ಸ್ಟಂಪಿನಿಂದ ಎರಡೂವರೆ ಮೀಟರಿಗಿಂತ ಮುಂದೆ ಇದ್ದರು. ಅಷ್ಟು ದೂರದಿಂದ ಊಹೆಯನ್ನು ಪೂರ್ತಿ ನಂಬಬೇಕಿಲ್ಲ ಅಂತ ಆಗಿನ ನಿಯಮ. ಧೋನಿಗೆ ಇದು ಕಿಂಚಿತ್ತೂ ಹಿಡಿಸಲಿಲ್ಲ, ಪಂದ್ಯದ ನಂತರ ಹೇಳಿಯೂ ಬಿಟ್ಟರು. ತಂತ್ರಜ್ಞಾನ ಒಂದು ಮಾತು ಹೇಳುತ್ತದೆ, ಮನುಷ್ಯ ಅದನ್ನು ಪಕ್ಕಕ್ಕಿಡುತ್ತಾನೆ ಅನ್ನುವುದು ಅವರ ತಕರಾರು. ಆದರೆ ನಿಯಮ ಮಾಡಿದವರ ಅಳುಕು ಸುಳ್ಳಾಗಿರಲಿಲ್ಲ.

ಆ ಅಳುಕಿಗೆ ಕೊಟ್ಟ ಅಳತೆಯೇ ಅಂಪೈರ್ಸ್ ಕಾಲ್. ಅಳತೆಗೋಲು ಅರ್ಧ ಬಾಲ್. ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಕೂಡುವುದು ಕಳೆಯುವುದು ಅಷ್ಟೆ.

ಕ್ರಿಕೆಟ್ ಬಾಲಿನ ಅಡ್ಡಳತೆ ಹತ್ತಿರ ಹತ್ತಿರ 7.2 ಸೆಂಟಿಮೀಟರ್. ಅರ್ಧ ಅಂದರೆ 3.6. ಮೂರು ಸ್ಟಂಪ್ ಸೇರಿ ಒಂದು ಹೊರ ಅಂಚಿನಿಂದ ಇನ್ನೊಂದು ಹೊರ ಅಂಚಿಗೆ 22.86 ಸೆಂಟಿಮೀಟರ್. ಈಗ ಲೆಕ್ಕದ ದಾರಿಯ ಪ್ರಕಾರ ಬಾಲಿನ ನಡುಮಧ್ಯ ಲೆಗ್ ಸ್ಟಂಪಿನ ಹೊರ ಅಂಚಿನಿಂದ 2 ಸೆಂಟಿಮೀಟರ್ ಆಚೆ ಹೋಗುತ್ತಿದೆ ಅನ್ನಿ. ಬಾಲಿನ ಒಂದು ಬದಿ ಮಾತ್ರ, 1.6 ಸೆಂಟಿಮೀಟರಿನಷ್ಟು, ಸ್ಟಂಪಿನ ಮೇಲೆ ಬರುತ್ತದೆ. ತಾಗುತ್ತದೆ, ನಿಜ. ಆದರೆ ಅರ್ಧಕ್ಕಿಂತ ಕಡಿಮೆ. ಇದು ಅಂಪೈರ್ಸ್ ಕಾಲ್. ಅಂಪೈರ್ ಔಟ್ ಅಂದಿದ್ದರೆ ಔಟ್, ನಾಟ್ ಔಟ್ ಅಂದಿದ್ದರೆ ನಾಟ್ ಔಟ್. ಬಾಲಿನ ನಡುಮಧ್ಯ ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಬಂತು ಅನ್ನಿ. ಆಗ ಅರ್ಧಕ್ಕಿಂತ ಹೆಚ್ಚು ಬಾಲ್ ಸ್ಟಂಪಿನ ಮೇಲೆ ಇದೆ. ಅಂಪೈರ್ ನಾಟ್ ಔಟ್ ಅಂದಿದ್ದರೂ ತೀರ್ಪು ತಿರುಗುತ್ತದೆ. ನಡುಮಧ್ಯ 4 ಸೆಂಟಿಮೀಟರ್ ಆಚೆ ಹೋದರೆ ಬಾಲ್ ಸ್ಟಂಪಿಗೆ ತಾಗುವುದೇ ಇಲ್ಲ, ಔಟ್ ಕೊಟ್ಟಿದ್ದರೂ ಬ್ಯಾಟರ್ ಉಳಿದ.

ಇದನ್ನೇ ಬೇರೆ ಥರ ನೋಡಬಹುದು. ಅಂಪೈರ್ ನಾಟ್ ಔಟ್ ಅಂದ ಮೇಲೆ ಬೌಲರ್ ಮುಂದೆ ಇರುವ ಗುರಿ, ಬಾಲಿನ ನಡುಮಧ್ಯಕ್ಕೆ ಲೆಕ್ಕ ಹಾಕಿದರೆ, ಸುಮಾರು 23 ಸೆಂಟಿಮೀಟರ್ ಅಗಲ. ಅಂಪೈರ್ ಔಟ್ ಅಂದ ಮೇಲೆ ಅದೇ ಗುರಿ ಸುಮಾರು 30 ಸೆಂಟಿಮೀಟರ್ ಆಗಿಬಿಡುತ್ತದೆ, ಎರಡೂ ಕಡೆ ಅರ್ಧರ್ಧ ಬಾಲ್ ಜಾಸ್ತಿ. ಸ್ಟಂಪ್ ಅದೇ, ಬಾಲ್ ಅದೇ. ಬದಲಾದದ್ದು ಯಾರು ಯಾರ ತಪ್ಪನ್ನು ತೋರಿಸಬೇಕು ಅನ್ನುವುದು. ಚೆನ್ನೈನಲ್ಲಿ ಶಮ್ಸಿ ಉಳಿದದ್ದು, ವಾನ್ ಡರ್ ಡಸೆನ್ ಹೋದದ್ದು ಇದರಿಂದಲೇ. ಶಮ್ಸಿ ವಿಷಯದಲ್ಲಿ ಪಾಕಿಸ್ತಾನ ಅರ್ಧ ಬಾಲ್ ತೋರಿಸಬೇಕಿತ್ತು, ಆಗಲಿಲ್ಲ. ವಾನ್ ಡರ್ ಡಸೆನ್ ಬಾಲ್ ಪೂರ್ತಿ ತಪ್ಪಿಹೋಗುತ್ತಿತ್ತು ಅಂತ ತೋರಿಸಬೇಕಿತ್ತು, ಅದೂ ಆಗಲಿಲ್ಲ.

ಈ ಗಡಿ ಎಂದಿನಿಂದಲೂ ಹೀಗೇ ಇರಲಿಲ್ಲ. 2016ಕ್ಕೆ ಮೊದಲು ಅರ್ಧ ಬಾಲನ್ನು ಅಳೆಯುತ್ತಿದ್ದದ್ದು ಆಫ್ ಮತ್ತು ಲೆಗ್ ಸ್ಟಂಪಿನ ನಡುಗೆರೆಯಿಂದ. ಆಮೇಲೆ ಅದನ್ನು ಹೊರ ಅಂಚಿಗೆ ಸರಿಸಿದರು, ಬೌಲರ್‌ಗಳಿಗೆ ಸ್ವಲ್ಪ ಅನುಕೂಲವಾಯಿತು. 2021ರಲ್ಲಿ ಎತ್ತರದ ಗಡಿಯನ್ನೂ ಮೇಲಕ್ಕೆ ಏರಿಸಿದರು. ಹಳೆಯ ಪಂದ್ಯದ ತುಣುಕು ನೋಡುತ್ತಾ 'ಇದು ಈಗಾಗಿದ್ದರೆ ಔಟ್' ಅಂತ ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದು ಸರಿ ಇರಬಹುದು.

ಪರದೆ ಓದುವಾಗ ಬಹಳ ಜನ ಎಡವುವ ಒಂದು ಜಾಗ ಇದೆ. ಕೆಂಪು ಅಂದರೆ ಬೌಲರ್ ಪರ ಅಂತ ಸಾಮಾನ್ಯವಾಗಿ ತೋರಿಸುತ್ತಾರೆ. ನಾಟ್ ಔಟ್ ತೀರ್ಪು ತಿರುಗಬೇಕಾದರೆ ಮೂರಕ್ಕೆ ಮೂರೂ ಸಾಲು ಕೆಂಪಾಗಬೇಕು. ಮೂರನೇ ಸಾಲಿನಲ್ಲಿ ಬಾಲ್ ಮಧ್ಯದ ಸ್ಟಂಪನ್ನೇ ಕಿತ್ತುಹಾಕುವ ಹಾಗೆ ಕಾಣುತ್ತಿದ್ದರೂ, ಎರಡನೇ ಸಾಲಿನಲ್ಲಿ ಇಂಪ್ಯಾಕ್ಟ್ ಅಂಪೈರ್ಸ್ ಕಾಲ್ ಅಂತ ಬಂದಿದ್ದರೆ ನಾಟ್ ಔಟ್ ನಾಟ್ ಔಟೇ. ಔಟ್ ತೀರ್ಪು ತಿರುಗಲು ಮಾತ್ರ ಒಂದೇ ಒಂದು ಸಾಲು ಸ್ಪಷ್ಟವಾಗಿ ಬ್ಯಾಟರ್ ಪರ ಬಂದರೆ ಸಾಕು. ಹಾಗಾಗಿ ಅಂಪೈರ್ ಮೊದಲು ಏನು ಹೇಳಿದ್ದರು ಅನ್ನುವುದನ್ನು ಮರೆತು ಈ ಮೂರು ಸಾಲು ನೋಡಿದರೆ ಏನೂ ಅರ್ಥವಾಗುವುದಿಲ್ಲ. ವೀಕ್ಷಕ ವಿವರಣೆಗಾರರು 'ಆನ್‌ಫೀಲ್ಡ್ ಡಿಸಿಷನ್ ಏನಿತ್ತು' ಅಂತ ಪದೇಪದೇ ನೆನಪಿಸುವುದು ಅದಕ್ಕೇ.

ಈ ಅಂಪೈರ್ಸ್ ಕಾಲ್ ತೆಗೆದುಹಾಕಿ, ಸ್ಟಂಪಿಗೆ ಚೂರು ತಾಗಿದರೂ ಔಟ್ ಅಂತ ಮಾಡಿ ಅನ್ನುವವರು ಬಹಳ ಇದ್ದಾರೆ, ದೊಡ್ಡ ಆಟಗಾರರೂ ಇದ್ದಾರೆ. 2021ರಲ್ಲಿ ಐಸಿಸಿ ಇದನ್ನು ಮತ್ತೆ ಪರಿಶೀಲಿಸಿತು. ಆಗ ಅದರ ಕ್ರಿಕೆಟ್ ಸಮಿತಿಯ ಅಧ್ಯಕ್ಷರು ನಮ್ಮ ಅನಿಲ್ ಕುಂಬ್ಳೆ. ಕುತೂಹಲದ ಸಂಗತಿ ಏನೆಂದರೆ, 2008ರಲ್ಲಿ ಶ್ರೀಲಂಕಾದಲ್ಲಿ ಈ ರಿವ್ಯೂ ಪದ್ಧತಿಯನ್ನು ಮೊದಲ ಸಲ ಟೆಸ್ಟ್ ಸರಣಿಯಲ್ಲಿ ಪ್ರಯೋಗ ಮಾಡಿದಾಗ ಭಾರತದ ನಾಯಕರಾಗಿದ್ದವರೂ ಅವರೇ. ಆ ಸರಣಿಯಲ್ಲಿ ರಿವ್ಯೂ ಭಾರತದ ಕೈ ಹಿಡಿಯಲಿಲ್ಲ, ಮುಂದೆ 2016ರವರೆಗೂ ದ್ವಿಪಕ್ಷೀಯ ಸರಣಿಗಳಲ್ಲಿ ಭಾರತ ಇದನ್ನು ಹೆಚ್ಚುಕಡಿಮೆ ದೂರವೇ ಇಟ್ಟಿತ್ತು. ಬೌಲರ್ ಆಗಿ ಎಲ್‌ಬಿಡಬ್ಲ್ಯುಗಳಿಂದಲೇ ಬದುಕಿದ ಕುಂಬ್ಳೆ ಬೌಲರ್‌ಗಳ ಪರ ನಿಲ್ಲಬಹುದು ಅಂತ ಅನ್ನಿಸಬಹುದಿತ್ತು. ಆದರೆ ಸಮಿತಿ ಅಂಪೈರ್ಸ್ ಕಾಲ್ ಉಳಿಸಿಕೊಂಡಿತು. ಡಿಆರ್‌ಎಸ್ ಅನ್ನುವ ಈ ರಿವ್ಯೂ ಪದ್ಧತಿ ಇರುವುದು ಎದ್ದು ಕಾಣುವ ತಪ್ಪುಗಳನ್ನು ತಿದ್ದಲು, ಬಾಲ್ ಟ್ರ್ಯಾಕಿಂಗ್‌ನಲ್ಲಿ ಊಹೆಯ ಪಾಲು ಇದೆ, ಮೈದಾನದಲ್ಲಿ ತೀರ್ಪು ಕೊಡುವವನು ಅಂಪೈರೇ ಆಗಿರಬೇಕು ಅನ್ನುವುದು ಅವರ ನಿಲುವು.

ನನಗೂ ಅದೇ ಸರಿ ಅನ್ನಿಸುತ್ತದೆ, ಇನ್ನೊಂದು ಕಾರಣಕ್ಕೂ ಸೇರಿ. ಬೇಲ್ಸ್ ಸವರಿಕೊಂಡು ಹೋಗುವ ಬಾಲ್, ಆಫ್ ಸ್ಟಂಪಿನ ಅಂಚಿಗೆ ತಾಗುವ ಬಾಲ್, ಇವಕ್ಕೆಲ್ಲ ಔಟ್ ಕೊಡಲು ಶುರು ಮಾಡಿದರೆ ಸ್ಪಿನ್ನರ್‌ಗಳಿಗೆ ನೆರವಾಗುವ ಪಿಚ್‌ನಲ್ಲಿ ಬ್ಯಾಟ್ ಮಾಡುವುದೇ ಬೇರೆ ಆಟವಾಗುತ್ತದೆ. ನೀವು ಒಪ್ಪದೇ ಇರಬಹುದು. ಜಗಳ ಆಡಲು ಇದು ಒಳ್ಳೆಯ ವಿಷಯ.

ಈಗ ರಿವ್ಯೂಗಳ ಲೆಕ್ಕ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಈಗ ಟೆಸ್ಟ್‌ನ ಒಂದು ಇನಿಂಗ್ಸ್‌ಗೆ ಪ್ರತಿ ತಂಡಕ್ಕೆ ಮೂರು, ಏಕದಿನ ಮತ್ತು ಟಿ20ಯಲ್ಲಿ ಎರಡು. ತೀರ್ಪು ತಿರುಗಿದರೆ ರಿವ್ಯೂ ಉಳಿಯುತ್ತದೆ, ತಿರುಗದಿದ್ದರೆ ಹೋಗುತ್ತದೆ. ಅಂಪೈರ್ಸ್ ಕಾಲ್ ಆದರೆ ತೀರ್ಪು ತಿರುಗದಿದ್ದರೂ ರಿವ್ಯೂ ಉಳಿಯುತ್ತದೆ, 2017ರಿಂದ ಹೀಗಿದೆ. ಅದು ನ್ಯಾಯವೇ. ಬಾಲ್ ಸ್ಟಂಪಿಗೆ ತಾಗುತ್ತಿತ್ತು ಅಂತ ತಂತ್ರಜ್ಞಾನವೇ ಒಪ್ಪಿದ ಮೇಲೆ ಕೇಳಿದವನಿಗೆ ದಂಡ ಹಾಕುವುದು ಹೇಗೆ?

ರಿವ್ಯೂ ಎಷ್ಟು ಬೆಲೆಯುಳ್ಳದ್ದು ಅನ್ನುವುದಕ್ಕೆ 2019ರ ಹೆಡಿಂಗ್ಲಿ ಟೆಸ್ಟ್ ನೋಡಿ. ಇಂಗ್ಲೆಂಡ್ ವಿರುದ್ಧ ಗೆಲ್ಲಲು ಆಸ್ಟ್ರೇಲಿಯಾಕ್ಕೆ ಬೇಕಿದ್ದದ್ದು ಒಂದು ವಿಕೆಟ್. ಕಮಿನ್ಸ್ ಬಾಲ್ ಜ್ಯಾಕ್ ಲೀಚ್ ಪ್ಯಾಡಿಗೆ ಬಡಿದಾಗ ಆಸೆಯಿಂದ ಕೊನೆಯ ರಿವ್ಯೂ ಕೇಳಿದರು. ಬಾಲ್ ಬಿದ್ದದ್ದು ಲೆಗ್ ಸ್ಟಂಪಿನ ಹೊರಗೆ, ಮೊದಲ ಸಾಲಿನಲ್ಲೇ ಕಥೆ ಮುಗಿಯಿತು. ಮುಂದಿನ ಓವರಿನಲ್ಲಿ ನೇಥನ್ ಲಯನ್ ಬಾಲ್ ಬೆನ್ ಸ್ಟೋಕ್ಸ್ ಪ್ಯಾಡಿಗೆ ಬಡಿಯಿತು. ಅಂಪೈರ್ ನಾಟ್ ಔಟ್ ಅಂದರು. ಟಿವಿಯಲ್ಲಿ ತೋರಿಸಿದಾಗ ಮೂರೂ ಸಾಲು ಕೆಂಪು. ಅಂಪೈರ್ಸ್ ಕಾಲ್ ಅಲ್ಲ, ನಿಚ್ಚಳ ಔಟ್. ಕೇಳಲು ರಿವ್ಯೂ ಇರಲಿಲ್ಲ. ಸ್ಟೋಕ್ಸ್ ಪಂದ್ಯ ಗೆಲ್ಲಿಸಿದರು. ಅಂದು ಆಸ್ಟ್ರೇಲಿಯಾ ಅಂಪೈರ್ ಮೇಲೆ ಸಿಟ್ಟಾದದ್ದು ಸಹಜ, ಆದರೆ ಇಂಥ ತಪ್ಪು ತಿದ್ದಲೆಂದೇ ಕೊಟ್ಟ ಸಾಧನವನ್ನು ಅವರು ಆಗಷ್ಟೇ ಖರ್ಚು ಮಾಡಿದ್ದರು.

ಕೊನೆಗೆ ಒಂದು ವಿಚಿತ್ರ ನಿಯಮ ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದೆ ಅನೇಕರು ಸ್ಕೋರ್ ಬೋರ್ಡ್ ತಪ್ಪಾಗಿದೆ ಅಂದುಕೊಳ್ಳುತ್ತಾರೆ. ಅಂಪೈರ್ ಔಟ್ ಕೊಟ್ಟ ಕ್ಷಣಕ್ಕೆ ಬಾಲ್ ಡೆಡ್. ಆಮೇಲೆ ರಿವ್ಯೂನಲ್ಲಿ ತೀರ್ಪು ತಿರುಗಿದರೂ ಆ ಬಾಲಿನಲ್ಲಿ ಓಡಿದ ರನ್, ಬೌಂಡರಿಗೆ ಹೋದ ಲೆಗ್ ಬೈ, ಯಾವುದೂ ಸಿಗುವುದಿಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಬಾಂಗ್ಲಾದೇಶದ ಮಹಮದುಲ್ಲಾ ಪ್ಯಾಡಿಗೆ ಬಾಲ್ ಬಡಿದು ಬೌಂಡರಿಗೆ ಹೋಯಿತು. ಅಂಪೈರ್ ಔಟ್ ಕೊಟ್ಟಿದ್ದರು. ರಿವ್ಯೂನಲ್ಲಿ ಬಾಲ್ ಲೆಗ್ ಸ್ಟಂಪ್ ತಪ್ಪಿಹೋಗುತ್ತಿದೆ ಅಂತ ಕಂಡು ಬ್ಯಾಟರ್ ಉಳಿದರು, ನಾಲ್ಕು ರನ್ ಉಳಿಯಲಿಲ್ಲ. ಬಾಂಗ್ಲಾದೇಶ ಸೋತದ್ದು ನಾಲ್ಕೇ ರನ್‌ನಿಂದ. ನಿಯಮದ ಹಿಂದಿನ ಯೋಚನೆ ಸರಳ. ಬೆರಳು ಮೇಲೆ ಹೋದದ್ದನ್ನು ಕಂಡ ಫೀಲ್ಡರ್ ಸಂಭ್ರಮಿಸಲು ಓಡುತ್ತಾನೆ, ಬಾಲಿನ ಹಿಂದೆ ಓಡುವುದಿಲ್ಲ. ಅವನು ಓಡಿದ್ದರೆ ಎಷ್ಟು ರನ್ ತಡೆಯುತ್ತಿದ್ದ ಅಂತ ಯಾವ ಕ್ಯಾಮೆರಾವೂ ಹೇಳಲಾರದು. ಅಂದು ಬಾಲ್ ಬೌಂಡರಿಗೆ ಹೋಗುವುದು ಹೇಗೂ ಖಚಿತವಾಗಿತ್ತು ಅನ್ನುವ ವಾದ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಹಾಗೆ ಖಚಿತ ಅಂತ ಯಾರು ತೀರ್ಮಾನಿಸಬೇಕು ಅಂತ ಕೇಳಿದರೆ, ಮತ್ತೆ ಒಬ್ಬ ಅಂಪೈರೇ ಊಹಿಸಿ ಹೇಳಬೇಕಾಗುತ್ತದೆ.